6ಜಿ ಪಾಸಾದ್ರೆ ಖಾಯಂ ಕೆಲಸನಾ, ಆರು ತಿಂಗಳ ಕಾಗದನಾ?

ದಾರಿಹೋಕ: ಫ್ಯಾಬ್ರಿಕೇಷನ್ ಶೆಡ್ಡಲ್ಲಿ ದಿನಗೂಲಿ ಹೆಲ್ಪರ್ ಆಗಿದ್ದೆ. ಗ್ರೈಂಡಿಂಗ್, ಟ್ಯಾಕ್ ಹಾಕೋದು ಗೊತ್ತು. ಈಗ ಡೆಲಿವರಿ ಮಾಡ್ತಿದ್ದೀನಿ. 6ಜಿ ಟೆಸ್ಟ್ ಪಾಸಾದ್ರೆ ಖಾಯಂ ಕೆಲಸಕ್ಕೆ ದಾರಿ ಆಗುತ್ತಾ? ಕಲಿಯೋಕೆ ಡೆಲಿವರಿ ಪೂರ್ತಿ ಬಿಡ್ಬೇಕಾ?

ಕಿಡಿಗಣ್ಣ: ದುಡ್ಡು ದಂಡ ಗುರು. ಆ ಸರ್ಟಿಫಿಕೇಟ್ ಆಯಸ್ಸು ಆರೇ ತಿಂಗಳು. ಆಮೇಲೆ ಮತ್ತೆ ಟೆಸ್ಟು, ಮತ್ತೆ ಫೀಸು. ಕೈಯಲ್ಲಿ ಕೆಲಸ ಇದ್ರೆ ಕಾಗದ ಯಾರೂ ಕೇಳಲ್ಲ.

ಸಿಗ್ನಲ್_ಪುಟ್ಟ: 6ಜಿ ಇನ್ನೂ ಎಲ್ಲೂ ಶುರುವಾಗಿಲ್ವಲ್ಲ, ಟವರ್ ಕೆಲಸಕ್ಕೆ ಈಗ್ಲೇ ಟೆಸ್ಟಾ?

ಕ್ಯೂಸಿ_ಅಕ್ಕ: ಪುಟ್ಟ, ಇದು ವೆಲ್ಡಿಂಗ್ ಪೊಸಿಷನ್. ಪೈಪನ್ನು 45 ಡಿಗ್ರಿ ಓರೆಯಾಗಿ ಕೂರಿಸಿ, ತಿರುಗಿಸದೆ ಸುತ್ತಲೂ ವೆಲ್ಡ್ ಮಾಡ್ಬೇಕು. ಕೆಳಗೆ, ಪಕ್ಕಕ್ಕೆ, ತಲೆ ಮೇಲೆ ಎಲ್ಲಾ ಒಂದೇ ಜಾಯಿಂಟಲ್ಲಿ ಬರುತ್ತೆ. ಅದಕ್ಕೇ 6ಜಿ ಪಾಸಾದವನಿಗೆ ಉಳಿದ ಪೊಸಿಷನ್‌ಗಳಿಗೆ ಬೇರೆ ಟೆಸ್ಟ್ ಬೇಕಾಗಲ್ಲ. ಕಿಡಿಗಣ್ಣ ಅವರೇ, ಆರು ತಿಂಗಳಿಗೆ ಅದು ತಾನಾಗಿ ಸಾಯಲ್ಲ. ಬಾಯ್ಲರ್, ಪ್ರೆಷರ್ ಪೈಪ್ ಕೆಲಸಕ್ಕೆ ಬಳಸೋ ಎಎಸ್‌ಎಂಇ ಕೋಡ್‌ನ ಸೆಕ್ಷನ್ 9ರ ಪ್ರಕಾರ, ಟೆಸ್ಟ್ ಕೊಟ್ಟ ಪ್ರೊಸೆಸ್ಸಲ್ಲಿ, ಅಂದ್ರೆ ಟಿಗ್, ಮಿಗ್, ರಾಡ್ ಥರದ ವೆಲ್ಡಿಂಗ್ ವಿಧಾನದಲ್ಲಿ, ಆರು ತಿಂಗಳು ಒಮ್ಮೆಯೂ ವೆಲ್ಡ್ ಮಾಡದೆ ಇದ್ರೆ ಮಾತ್ರ ಅರ್ಹತೆ ಹೋಗುತ್ತೆ. ಮಾಡ್ತಾ ಇದ್ರೆ, ಅದು ದಾಖಲಾಗ್ತಾ ಇದ್ರೆ, ಮುಂದುವರಿಯುತ್ತೆ.

ಕಿಡಿಗಣ್ಣ: "ದಾಖಲಾಗ್ತಾ ಇದ್ರೆ" ಅಂದ್ರಲ್ಲ, ಅಲ್ಲೇ ಇದೆ ಕಥೆ. ಯಾವ ಶೆಡ್ಡಲ್ಲಿ ದಾಖಲೆ ಬರೀತಾರೆ ಮೇಡಂ? ದಿನಾ ವೆಲ್ಡ್ ಹೊಡೆದವನಿಗೇ "ನಿಂದು ಎಕ್ಸ್‌ಪೈರ್" ಅಂದಿದ್ದನ್ನ ಕಣ್ಣಾರೆ ನೋಡಿದೀನಿ.

ಕ್ಯೂಸಿ_ಅಕ್ಕ: ನಾನೂ ನೋಡಿದೀನಿ, ಹೇಳಿದವರಲ್ಲಿ ನಾನೂ ಒಬ್ಬಳು. ಕಾರಣ ಕೇಳಿ. ಹುಡುಗ ಟಿಗ್‌ನಲ್ಲಿ ರೂಟ್, ಅಂದ್ರೆ ಜಾಯಿಂಟಿನ ತಳದ ಮೊದಲ ಪದರ, ಅದರ ಮೇಲೆ 7018 ರಾಡ್‌ನಲ್ಲಿ ಫಿಲ್ಲಿಂಗ್, ಹೀಗೆ 6ಜಿ ಪಾಸಾಗಿದ್ದ. ಪೈಪ್ ಕೆಲಸ ಕಮ್ಮಿಯಾದಾಗ ಅದೇ ಕಂಪನಿ ಅವನನ್ನ ಸ್ಟ್ರಕ್ಚರಲ್ ಶೆಡ್‌ಗೆ ಹಾಕ್ತು. ಅಲ್ಲಿ ಬರೀ ಮಿಗ್. ಬೆಳಿಗ್ಗೆಯಿಂದ ಸಂಜೆವರೆಗೆ ವೆಲ್ಡ್ ಮಾಡ್ದ, ಆದ್ರೆ ಆರು ತಿಂಗಳು ದಾಟೋವರೆಗೂ ಟಿಗ್ ಟಾರ್ಚೂ ಮುಟ್ಟಿಲ್ಲ, ರಾಡೂ ಮುಟ್ಟಿಲ್ಲ. ಪೈಪ್ ಕೆಲಸ ವಾಪಸ್ ಬಂದಾಗ ಎರಡೂ ಅರ್ಹತೆ ಹೋಗಿತ್ತು. ಮಿಗ್ ಮಾಡಿದ್ದು ಮಿಗ್‌ನ್ನಷ್ಟೇ ಉಳಿಸುತ್ತೆ. ತಿಂಗಳಿಗೊಮ್ಮೆ ಸ್ಕ್ರ್ಯಾಪ್ ತುಂಡಿನ ಮೇಲೆ ಒಂದು ಟಿಗ್ ಪಾಸ್, ಒಂದು ರಾಡ್ ಪಾಸ್ ಹಾಕಿ ಸೂಪರ್‌ವೈಸರ್ ಹತ್ರ ಲಾಗ್‌ನಲ್ಲಿ ಬರೆಸಿದ್ದಿದ್ರೆ ಸಾಕಿತ್ತು.

ಕಿಡಿಗಣ್ಣ: "ಅರ್ಹತೆ ಹೋಗಿತ್ತು". ನೀವೇ ಒಪ್ಕೊಂಡ್ರಿ. ನಾನು ಹೇಳಿದ್ದೂ ಇದೇ ಅಲ್ವಾ?

ಕ್ಯೂಸಿ_ಅಕ್ಕ: ಅಲ್ಲ. ನೀವು ಹೇಳಿದ್ದು ಎಲ್ಲರದೂ ಹೋಗುತ್ತೆ ಅಂತ. ಹೋದವನಿಗೂ ಮತ್ತೆ 6ಜಿ ಬೇಕಿಲ್ಲ. ಅದೇ ಪ್ರೊಸೆಸ್ಸಲ್ಲಿ ಯಾವ ಪೊಸಿಷನ್ನಲ್ಲಾದ್ರೂ ಒಂದು ಕೂಪನ್, ಅಂದ್ರೆ ಟೆಸ್ಟ್‌ಗೆ ವೆಲ್ಡ್ ಮಾಡೋ ತುಂಡು, ಮಾಡಿ ಪಾಸಾದ್ರೆ, ಹಿಂದೆ ಇದ್ದ ಅರ್ಹತೆ ಪೂರ್ತಿ ವಾಪಸ್ ಬರುತ್ತೆ.

ಹಳೇಕಬ್ಬಿಣ: ನಮ್ಮ ಕಾಲದಲ್ಲಿ ಈ ಕೂಪನ್ನೂ ಇರ್ಲಿಲ್ಲ, ಲಾಗೂ ಇರ್ಲಿಲ್ಲ. ಬೀಡ್ ನೋಡಿದ್ರೆ ವೆಲ್ಡರ್ ಯಾರು ಅಂತ ಹೇಳ್ತಿದ್ವಿ.

ಕ್ಯೂಸಿ_ಅಕ್ಕ: ಮೇಲಿನ ಬೀಡ್ ಚಂದ ಇದ್ದು ಒಳಗೆ ರೂಟ್ ಬೆಸೆಯದ ಜಾಯಿಂಟ್‌ಗಳನ್ನ ರೇಡಿಯೋಗ್ರಫಿಯಲ್ಲಿ ಬೇಕಾದಷ್ಟು ನೋಡಿದೀನಿ ಯಜಮಾನ್ರೇ.

ಹಳೇಕಬ್ಬಿಣ: ನಮ್ಮ ಕೈಗೆ ಬೆಸುಗೆ ಹೇಳಿಕೊಡೋಕೆ ಬರ್ಬೇಡಮ್ಮ. ನೀನು ರಾಡ್ ಹಿಡಿದಿದ್ದೀಯಾ, ಬರೀ ಪೆನ್ನಾ?

ಕ್ಯೂಸಿ_ಅಕ್ಕ: ಎರಡೂ ಹಿಡಿದಿದೀನಿ. ಏಕವಚನ ಬೇಡ.

ವೈರ್‌ಮನ್_ರಾಯ: ಜಗಳ ಬಿಡಿ. ನಾನೂ ದಿನಗೂಲಿಯಿಂದ ಬಂದವನೇ, ಎಲೆಕ್ಟ್ರಿಷಿಯನ್ ಲೈಸೆನ್ಸ್ ತಗೊಂಡೆ. ಅದನ್ನ ಯಾವ ಕಾಂಟ್ರಾಕ್ಟರ್ ಹತ್ರ ಹೋದ್ರೂ ತೋರಿಸ್ತೀನಿ, ಒಪ್ಪುತ್ತಾರೆ. ವೆಲ್ಡಿಂಗ್ ಸರ್ಟಿಫಿಕೇಟೂ ಹಾಗೇ ಜೇಬಲ್ಲಿಟ್ಕೊಂಡು ಹೋಗ್ಬಹುದು. ತಮ್ಮಾ, ಹೆದರ್ಬೇಡ.

ಕ್ಯೂಸಿ_ಅಕ್ಕ: "ಜೇಬಲ್ಲಿಟ್ಕೊಂಡು" ಅನ್ನೋದೇ ತಪ್ಪು ದಾರಿ ರಾಯರೇ. ಎಎಸ್‌ಎಂಇ ಕೆಲಸದಲ್ಲಿ ವೆಲ್ಡರ್‌ನ ಅರ್ಹತೆಗೆ ಜವಾಬ್ದಾರಿ ಕೆಲಸ ಕೊಡೋ ಕಂಪನಿಯದ್ದು. ಹೊಸ ಕಂಪನಿಗೆ ಹೋದ್ರೆ ಸಾಮಾನ್ಯವಾಗಿ ಅವರ ಬೂತಲ್ಲಿ ಮತ್ತೆ ಕೂಪನ್ ಮಾಡ್ಬೇಕು. ಟ್ರೇನಿಂಗ್ ಸೆಂಟರ್ ಕೊಡೋ ಕಾಗದದಿಂದ ಟೆಸ್ಟ್‌ಗೆ ಕರೆ ಬರಬಹುದು, ಕೆಲಸ ಬರಲ್ಲ. ವೆಲ್ಡರ್ ಟೆಸ್ಟ್‌ನ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಐಎಸ್‌ಒ 9606-1 ಪ್ರಕಾರ ಪಾಸಾದ್ರೆ ಕಾಗದಕ್ಕೆ ಸ್ವಲ್ಪ ಹೆಚ್ಚು ಓಡಾಟ ಇದೆ. ಆದ್ರೆ ಅಲ್ಲೂ ಆರು ತಿಂಗಳಿಗೊಮ್ಮೆ ಜವಾಬ್ದಾರಿ ಇರೋರ ಸಹಿ ಬೇಕು.

ಕಿಡಿಗಣ್ಣ: "ಕೆಲಸ ಬರಲ್ಲ"! ಬರೆದಿಟ್ಕೊಳ್ಳಿ ಎಲ್ರೂ. ಅಕ್ಕನೇ ಹೇಳಿದ್ದು.

ದಾರಿಹೋಕ: ಅಕ್ಕ, ಡೆಲಿವರಿ ಬಿಡ್ಬೇಕಾ ಅಂತ ಕೇಳಿದ್ದೆ. ಯಾರೂ ಹೇಳ್ಲಿಲ್ಲ.

ಕ್ಯೂಸಿ_ಅಕ್ಕ: ಶುರುವಲ್ಲಿ ಬಿಡ್ಬೇಡಿ. ಪ್ಲೇಟ್ ಮೇಲೆ ಮಟ್ಟವಾಗಿ, ಆಮೇಲೆ ವರ್ಟಿಕಲ್, ಆಮೇಲೆ ಓವರ್‌ಹೆಡ್. ಇಷ್ಟನ್ನ ಸಂಜೆ ಬ್ಯಾಚಲ್ಲಿ ಕಲೀಬಹುದು. ಪೈಪ್ ರೂಟ್‌ಗೆ ಬಂದಾಗ ಮಾತ್ರ ಬಿಡುವು ಮಾಡ್ಕೊಳ್ಳಿ, ಅದು ವಾರಕ್ಕೊಮ್ಮೆ ಹಿಡಿದ್ರೆ ಕೈಗೆ ಕೂರಲ್ಲ. ಹೆಚ್ಚು ಜನ ಫೇಲಾಗೋದು ಪೈಪಿನ ಕೆಳಭಾಗದ ರೂಟಲ್ಲಿ. ಕರಗಿದ ಲೋಹ ತನ್ನ ತೂಕಕ್ಕೇ ಕೆಳಗೆ ಜಗ್ಗುತ್ತೆ, ಪೈಪಿನ ಒಳಗಡೆ ಹಳ್ಳ ಬೀಳುತ್ತೆ. ಇನ್ನೊಂದು ಜಾಗ, ಬೀಡ್ ನಿಲ್ಲಿಸಿ ಮತ್ತೆ ಶುರು ಮಾಡೋ ಕಡೆ. ನಿಲ್ಲಿಸಿದ ತುದಿಯನ್ನ ಗ್ರೈಂಡರ್‌ನಲ್ಲಿ ತೆಳುವಾಗಿ ಇಳಿಜಾರು ಮಾಡಿ, ಸ್ವಲ್ಪ ಹಿಂದಿನಿಂದ ಆರ್ಕ್ ಎಬ್ಬಿಸ್ಬೇಕು. ಗ್ರೈಂಡಿಂಗ್ ಗೊತ್ತು ಅಂದ್ರಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತೆ.

ಕಲಿಕೆ ನಿಜವೋ ಸುಳ್ಳೋ ತಿಳಿಯೋಕೆ ಸೆಂಟರ್‌ನವರನ್ನ ಒಂದೇ ಮಾತು ಕೇಳಿ: ನನ್ನ ಪ್ರಾಕ್ಟೀಸ್ ಪೀಸನ್ನ ಕತ್ತರಿಸಿ ಬೆಂಡ್ ಮಾಡಿ ತೋರಿಸ್ತೀರಾ? ರೂಟ್ ಹೊರಮುಖ ಆಗೋ ಹಾಗೆ ಬಗ್ಗಿಸಿದಾಗ ವೆಲ್ಡಲ್ಲಿ 3 ಮಿಲಿಮೀಟರ್‌ಗಿಂತ ದೊಡ್ಡ ಬಿರುಕು ಬಾಯಿಬಿಟ್ರೆ ಟೆಸ್ಟಲ್ಲಿ ಅದು ಫೇಲ್. ಹೊರಗಿಂದ ನೋಡಿ "ಸೂಪರ್" ಅನ್ನೋ ಸೆಂಟರ್ ಬೇಡ.

ವೈರ್‌ಮನ್_ರಾಯ: ಒಂದ್ಸಲ ಫೇಲಾದ್ರೆ ಹೋದ ಹಾಗೇನಾ?

ಕ್ಯೂಸಿ_ಅಕ್ಕ: ತಕ್ಷಣ ಮತ್ತೆ ಕೊಡಬಹುದು. ಆದ್ರೆ ಆಗ ಫೇಲಾದ ಪೊಸಿಷನ್ನಲ್ಲಿ ಒಂದರ ಹಿಂದೆ ಒಂದು ಎರಡು ಕೂಪನ್, ಎರಡೂ ಪಾಸಾಗ್ಬೇಕು. ಇಲ್ಲ ಅಂದ್ರೆ ಇನ್ನಷ್ಟು ಅಭ್ಯಾಸ ಮಾಡಿ ಬರ್ಬೇಕು.

ಹಳೇಕಬ್ಬಿಣ: ಕೆಳಗಿನ ರೂಟ್ ಬಗ್ಗೆ ಹೇಳಿದ್ರಲ್ಲ, ಅದು ಕರೆಂಟ್ ಜಾಸ್ತಿ ಇಟ್ಟಿದ್ದಕ್ಕೆ ಆಗೋದು. ಜಗ್ಗೋದೂ ಇಲ್ಲ, ಮಣ್ಣೂ ಇಲ್ಲ.

ಕ್ಯೂಸಿ_ಅಕ್ಕ: ಕರೆಂಟ್ ಜಾಸ್ತಿ ಆದ್ರೆ ಇನ್ನೂ ಜಗ್ಗುತ್ತೆ. ಆರ್ಕ್ ಉದ್ದ ಆದ್ರೂ ಆಗುತ್ತೆ, ಗ್ಯಾಪ್ ಅಗಲ ಆದ್ರೂ ಆಗುತ್ತೆ.

ಹಳೇಕಬ್ಬಿಣ: ಗ್ಯಾಪ್ ನೋಡ್ಕೊಳ್ಳೋದು ಫಿಟ್ಟರ್ ಕೆಲಸ, ವೆಲ್ಡರ್‌ದಲ್ಲ.

ಕಿಡಿಗಣ್ಣ: ಟೆಸ್ಟ್ ಬೂತಲ್ಲಿ ಫಿಟ್ಟರ್ ಎಲ್ಲಿಂದ ಬರ್ತಾನೆ ಯಜಮಾನ್ರೇ? ನೀವು ಯಾವತ್ತಾದ್ರೂ ಟೆಸ್ಟ್ ಕೊಟ್ಟಿದ್ದೀರಾ?

ಹಳೇಕಬ್ಬಿಣ: ಕಾಗದ ಯಾರೂ ಕೇಳಲ್ಲ ಅಂದೋನು ನೀನೇ ತಾನೇ? ಈಗ ನನ್ನ ಕಾಗದ ಕೇಳ್ತಿದ್ದೀಯ.

ದಾರಿಹೋಕ: ಅಕ್ಕ, ಟಿಗ್ ಮೊದಲು ಕಲೀಲಾ, ರಾಡ್ ಮೊದಲಾ?

ಕ್ಯೂಸಿ_ಅಕ್ಕ: ರಾಡ್.

ವೈರ್‌ಮನ್_ರಾಯ: ಟಿಗ್. ಸಂಬಳ ಅದಕ್ಕೇ ಜಾಸ್ತಿ.

ಕಿಡಿಗಣ್ಣ: ನೀವು ಎಲೆಕ್ಟ್ರಿಷಿಯನ್ ಅಲ್ವಾ?