ಒಳಕ್ಕೆ ಎಳೆಯುತ್ತಿದ್ದೀರಾ, ಕೆಳಕ್ಕೆ ಮುಕ್ಕುತ್ತಿದ್ದೀರಾ?

"ಮುಟ್ಟು ನಿಂತು ನಾಲ್ಕು ವರ್ಷ ಆತು. ಕೆಮ್ಮಿದ್ರ, ಸೀನಿದ್ರ, ಕೊಡ ಎತ್ತಿದ್ರ ಉಚ್ಚಿ ಹನಿ ಬೀಳ್ತದ. ಯೂಟ್ಯೂಬ್ ನೋಡಿ ಎರಡು ತಿಂಗಳಿಂದ ಬಿಗಿ ಹಿಡಿಯೋ ವ್ಯಾಯಾಮ ಮಾಡ್ಲಿಕತ್ತೀನಿ, ಒಂಚೂರೂ ಫರಕ್ ಇಲ್ಲ. ಉಚ್ಚಿಗೆ ಕೂತಾಗೂ ನಡುವೆ ತಡೆದು ತಡೆದು ಬಿಡ್ತೀನಿ. ಬರೋಬರಿ ಅದ ಏನು?"

ಕಾಕಿ, ಹಾಗೆ ತಡೆದು ತಡೆದು ಬಿಡುವುದನ್ನು ಇವತ್ತೇ ನಿಲ್ಲಿಸಿ. ಮೂತ್ರ ಹೋಗುವಾಗ ಚೀಲ ತಾನಾಗಿ ಕುಗ್ಗಿ ಖಾಲಿಯಾಗಬೇಕು. ದಿನಾ ಅಡ್ಡ ಹಾಕುತ್ತಿದ್ದರೆ ಸ್ವಲ್ಪ ಮೂತ್ರ ಒಳಗೇ ಉಳಿಯಬಹುದು, ಅದರಿಂದ ಸೋಂಕೂ ಆಗಬಹುದು. ವ್ಯಾಯಾಮಕ್ಕೆ ಮೂತ್ರಕ್ಕೆ ಹೋಗಿ ಬಂದ ಮೇಲಿನ ಹೊತ್ತೇ ಒಳ್ಳೆಯದು.

ಎರಡು ತಿಂಗಳಾದರೂ ಯಾಕೆ ಫರಕ್ ಇಲ್ಲ ಅಂದರೆ, ನನಗೆ ಮೊದಲು ಬರುವ ಅನುಮಾನ ಒಂದೇ. ನೀವು ಎಳೆಯಬೇಕಾದಲ್ಲಿ ಮುಕ್ಕುತ್ತಿರಬಹುದು. ಫಿಜಿಯೋಥೆರಪಿಗೆ ಬರುವವರಲ್ಲಿ ಇದನ್ನು ನಾನು ಬಹಳ ನೋಡಿದ್ದೇನೆ. ವಿಡಿಯೋದಲ್ಲಿ "ಬಿಗಿ ಮಾಡಿ" ಅಂತಾರೆ. ನಮ್ಮ ಹೆಂಗಸರು ಉಸಿರು ಕಟ್ಟಿ, ಹೊಟ್ಟೆ ಬಿಗಿದು, ಹೆರಿಗೆಯಲ್ಲಿ ಮುಕ್ಕಿದ ಹಾಗೆ ಕೆಳಕ್ಕೆ ಒತ್ತುತ್ತಾರೆ. ಆಗ ಮೂತ್ರ ಹಿಡಿದಿಡುವ, ಮೊದಲೇ ಸೋತ ಸ್ನಾಯುವಿನ ಮೇಲೆ ಇನ್ನಷ್ಟು ಭಾರ ಬೀಳುತ್ತದೆ. ಈ ವ್ಯಾಯಾಮದ ಬಗ್ಗೆ 1948 ರಲ್ಲಿ ಬರೆದ ಅಮೆರಿಕದ ಡಾಕ್ಟರ್ ಕೆಗೆಲ್ ಬರೀ ಬಾಯಿ ಮಾತಲ್ಲಿ ಹೇಳಿ ಕಳಿಸುತ್ತಿರಲಿಲ್ಲ. ಒಳಗೆ ಒತ್ತಡ ಅಳೆಯುವ ಸಾಧನ ಇಟ್ಟು, ಹಿಡಿತ ಸರಿ ಇದೆಯೋ ಇಲ್ಲವೋ ಆ ಹೆಂಗಸರಿಗೇ ತೋರಿಸುತ್ತಿದ್ದರು. ಆ ಭಾಗ ಈಗಿನ ವಿಡಿಯೋಗಳಲ್ಲಿ ಬಿಟ್ಟೇ ಹೋಗಿದೆ.

ಆ ಸ್ನಾಯು ಎಲ್ಲಿದೆ ಅಂತ ಹೇಳ್ತೀನಿ. ಮುಂದಿನ ಮೂಳೆಯಿಂದ ಹಿಂದಿನ ಬಾಲದ ಮೂಳೆವರೆಗೆ, ಕೆಳಗೆ ಜೋಳಿಗೆ ಕಟ್ಟಿದ ಹಾಗೆ ಹರಡಿಕೊಂಡಿದೆ. ಮೂತ್ರದ ಚೀಲ, ಗರ್ಭಚೀಲ, ಕರುಳಿನ ತುದಿ ಎಲ್ಲ ಅದರ ಮೇಲೆ ಕೂತಿವೆ. ಹೆರಿಗೆಯಲ್ಲಿ ಅದು ಹಿಗ್ಗಿರುತ್ತದೆ. ವಯಸ್ಸಾದ ಹಾಗೆ ಸೊರಗುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಕಡಿಮೆಯಾಗಿ ಮೂತ್ರದ ದಾರಿಯ ಒಳಪದರವೂ ತೆಳ್ಳಗಾಗುತ್ತದೆ. ಕೆಮ್ಮಿದಾಗ ಮೇಲಿನಿಂದ ಒತ್ತಡ ಬಿದ್ದ ಕ್ಷಣಕ್ಕೇ ದಾರಿ ಮುಚ್ಚಬೇಕು. ಅದು ತಡವಾದರೆ ಹನಿ ಬೀಳುತ್ತದೆ.

ಈಗ ಪರೀಕ್ಷೆ ಮಾಡ್ಕೊಳ್ಳೋದು ಹೇಗೆ? ಬಾಗಿಲು ಹಾಕಿ, ಮಲಗಿ ಮೊಣಕಾಲು ಮಡಚಿ. ಕೈ ತೊಳೆದುಕೊಂಡು, ಯೋನಿಗೂ ಮಲದ್ವಾರಕ್ಕೂ ನಡುವಿನ ಜಾಗದ ಮೇಲೆ ಎರಡು ಬೆರಳು ಇಡಿ. ಇನ್ನೊಂದು ಕೈ ಹೊಟ್ಟೆ ಮೇಲೆ ಇರಲಿ. ಮಂದಿ ನಡುವೆ ಕೂತಾಗ ಗ್ಯಾಸ್ ಹೋಗದಂತೆ ತಡೆಯುತ್ತೀರಲ್ಲ, ಹಾಗೆ ಹಿಂದಿನಿಂದ ಶುರು ಮಾಡಿ ಮುಂದಕ್ಕೆ, ಮೇಲಕ್ಕೆ ಎಳೆಯಿರಿ. ಬೆರಳಿನ ಕೆಳಗಿನ ಜಾಗ ಬೆರಳಿನಿಂದ ದೂರ, ಒಳಕ್ಕೆ ಸರಿದರೆ ಸರಿ. ಬೆರಳನ್ನು ಹೊರಕ್ಕೆ ತಳ್ಳಿದರೆ ನೀವು ಮುಕ್ಕುತ್ತಿದ್ದೀರಿ. ಹೊಟ್ಟೆ ಉಬ್ಬಿ ಅದರ ಮೇಲಿನ ಕೈ ಮೇಲೆದ್ದರೂ ಅದೇ ಅರ್ಥ. ಕುಂಡೆ ಬಿಗಿದು ಸೊಂಟ ಎದ್ದರೆ, ತೊಡೆ ಒಂದಕ್ಕೊಂದು ಒತ್ತಿದರೆ, ಕೆಲಸವೆಲ್ಲ ಅವೇ ಮಾಡುತ್ತಿವೆ. ನೀವು ಮಾಡುವಾಗ ಪಕ್ಕದಲ್ಲಿ ಕೂತವರಿಗೂ ಗೊತ್ತಾಗಬಾರದು, ಅಷ್ಟು ಒಳಗಿನ ಕೆಲಸ ಅದು.

ಇಲ್ಲೇ ಜೋಳದ ರೊಟ್ಟಿ ಮಾಡಿ ಮಾರುವ ಒಬ್ಬ ತಾಯಿ ಬಂದಿದ್ದರು. ವಯಸ್ಸು 57, ನಾಲ್ಕು ಹೆರಿಗೆ. "ದಿನಾ ನೂರು ಸಲ ಮಾಡ್ತೀನಿ ಬಾಯಿ" ಅಂದರು. ಮಾಡಿ ತೋರಿಸಿ ಅಂದೆ. ಮುಖ ಕೆಂಪಾಯಿತು, ಹೊಟ್ಟೆ ಉಬ್ಬಿತು, ಉಸಿರು ನಿಂತೇ ಹೋಯಿತು. ನೂರನ್ನೂ ಬಿಡಿಸಿದೆ. ಒಂದೊಂದಾಗಿ, ಉಸಿರು ಬಿಡುತ್ತಾ ಎಳೆಯುವುದನ್ನು ಕಲಿಸಿದೆ. ಶುರುವಿನಲ್ಲಿ ಅವರಿಗೆ ಮೂರು ಸೆಕೆಂಡಿಗಿಂತ ಜಾಸ್ತಿ ಹಿಡಿತ ನಿಲ್ಲುತ್ತಿರಲಿಲ್ಲ. ಅದಕ್ಕೇ ಮೂರು ಸೆಕೆಂಡ್ ಹಿಡಿ, ಪೂರ್ತಿ ಸಡಿಲ ಬಿಡು, ಮತ್ತೆ ಹಿಡಿ. ಹೀಗೆ ಒಂದು ಸರದಿಗೆ ಎಂಟು ಸಲ, ದಿನಕ್ಕೆ ಮೂರು ಸರದಿ. ಹಿಡಿದಷ್ಟೇ ಹೊತ್ತು ಬಿಡಬೇಕು, ಕಾಕಿ. ಸಡಿಲ ಬಿಡದೆ ಮತ್ತೆ ಮತ್ತೆ ಬಿಗಿದರೆ ಸ್ನಾಯು ದಣಿಯುತ್ತದೆ, ನೋವೂ ಬರಬಹುದು. ಹಿಡಿತ ಬಂದ ಹಾಗೆ ಐದು ಸೆಕೆಂಡ್, ಎಂಟು, ಕೊನೆಗೆ ಹತ್ತು. ಪ್ರತಿ ಸರದಿಯ ಕೊನೆಗೆ ಥಟ್ಟನೆ ಎಳೆದು ಥಟ್ಟನೆ ಬಿಡುವುದು ಎಂಟು ಹತ್ತು ಸಲ, ಯಾಕಂದರೆ ಸೀನು ಬರುವಾಗ ಬೇಕಾಗೋದು ಆ ವೇಗ. ಮೊದಲು ಮಲಗಿ, ಆಮೇಲೆ ಕೂತು, ಕೊನೆಗೆ ನಿಂತು ಮಾಡಿದರು.

ಅವರಿಗೆ ಮೊದಲು ಉಪಯೋಗಕ್ಕೆ ಬಂದದ್ದು ಇನ್ನೊಂದು ಸಣ್ಣ ಅಭ್ಯಾಸ. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕುತ್ತಲೇ ಘಾಟು ಬರುತ್ತೆ ಅಂತ ಗೊತ್ತಲ್ವಾ? ಮೂಗು ಕೆರೆದ ಕೂಡಲೇ ಒಳಗೆ ಎಳೆದು ಹಿಡಿಯಬೇಕು, ಆಮೇಲೆ ಸೀನಬೇಕು, ಸೀನು ಮುಗಿದ ಮೇಲೆ ಬಿಡಬೇಕು. ಕೊಡ ಎತ್ತುವಾಗಲೂ ಅಷ್ಟೆ. ಮೊದಲು ಎಳೆ, ಉಸಿರು ಬಿಡುತ್ತಾ ಎತ್ತು. ಮೊದಮೊದಲು ಮರೆತುಹೋಗುತ್ತೆ. ಬೇಕಂತಲೇ ಸಣ್ಣಗೆ ಕೆಮ್ಮಿ ರೂಢಿ ಮಾಡ್ಕೋಬೇಕು. ಮೂರು ತಿಂಗಳ ಹೊತ್ತಿಗೆ ಆ ತಾಯಿ ಸೀನಿದರೂ ಬಟ್ಟೆ ಒದ್ದೆಯಾಗುತ್ತಿರಲಿಲ್ಲ. ಹಿಟ್ಟಿನ ಚೀಲ ಎತ್ತಿದರೆ ಮಾತ್ರ ಇನ್ನೂ ಹನಿ ಬೀಳುತ್ತಿತ್ತು. ಆ ಚೀಲವನ್ನು ಈಗ ಮಗ ಎತ್ತುತ್ತಾನೆ, ಅದರಲ್ಲಿ ತಪ್ಪೇನೂ ಇಲ್ಲ.

ನಿಮ್ಮ ಲೆಕ್ಕವೂ ಇವತ್ತಿನಿಂದಲೇ ಶುರು ಅಂದುಕೊಳ್ಳಿ. ಸರಿಯಾಗಿ ಮಾಡಿದ ಮೂರು ತಿಂಗಳು ಬೇಕು. ಅದಾದ ಮೇಲೂ ಫರಕ್ ಇಲ್ಲದಿದ್ದರೆ ಹೆಂಗಸರ ಡಾಕ್ಟರಿಗೆ ತೋರಿಸಿ. ಅಲ್ಲಿ ಬೇರೆ ದಾರಿಗಳಿವೆ, ಆಪರೇಷನ್ನೂ ಅದರಲ್ಲಿ ಒಂದು. ಉರಿ, ಒಣಗಿದ ಹಾಗೆ ಅನಿಸುವುದು, ಹೋಗಲೇಬೇಕು ಅನ್ನುವ ಅವಸರ ಇದ್ದರೆ ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಬಗ್ಗೆಯೂ ಕೇಳಿ. ಆದರೆ ಸ್ತನದ ಕ್ಯಾನ್ಸರ್ ಆಗಿದ್ದವರು ಅದನ್ನು ಮೊದಲೇ ಹೇಳಬೇಕು.

ಮೂರು ತಿಂಗಳು ಕಾಯಬಾರದ ವಿಷಯಗಳೂ ಇವೆ. ಮೂತ್ರದಲ್ಲಿ ರಕ್ತ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ, ಕೆಳಗೆ ಗಡ್ಡೆಯಂತೆ ಏನೋ ಇಳಿದು ಬಂದಿರುವುದು, ಇದ್ದರೆ ಈ ವಾರವೇ ತೋರಿಸಿ. ಜ್ವರದ ಜೊತೆ ಉರಿಮೂತ್ರ ಇದ್ದರೆ, ಮೂತ್ರ ಹೊರಗೆ ಬರದೇ ಕಟ್ಟಿಕೊಂಡರೆ, ಅಥವಾ ಕೂರುವ ಜಾಗ ಮರಗಟ್ಟಿದರೆ, ಅವತ್ತೇ ದವಾಖಾನೆಗೆ ಹೋಗಬೇಕು.

ಇನ್ನೊಂದು ಮಾತು, ಇದು ಓದುತ್ತಿರುವ ವೈನಿ, ಅಕ್ಕಂದಿರಿಗೂ. ಹನಿ ಬೀಳುತ್ತೆ ಅಂತ ನೀರು ಬಿಡಬೇಡಿ. ನಮ್ಮ ಕಲಬುರಗಿ ಬಿಸಿಲಲ್ಲಿ ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಚೀಲ ಕೆರಳುತ್ತದೆ, ಮಲ ಕಟ್ಟುತ್ತದೆ. ಮಲಕ್ಕೆ ಮುಕ್ಕುವುದೂ ಇದೇ ಸ್ನಾಯುವಿಗೆ ಹೊಡೆತ. ಕಡಿಮೆ ಮಾಡುವುದಾದರೆ ಚಹಾ ಕಡಿಮೆ ಮಾಡಿ. ಬಸ್ಸಿಗೆ ಹೊರಡುವ ಮೊದಲು ಒಂದು ಸಲ ಮೂತ್ರಕ್ಕೆ ಹೋಗುವುದು ಸರಿ, ಆದರೆ ಮನೇಲಿದ್ದಾಗ ಸುಮ್ನೆ ಮುಂಜಾಗ್ರತೆಗೆ ಅಂತ ಅರ್ಧ ಗಂಟೆಗೊಮ್ಮೆ ಓಡಿದರೆ ಚೀಲಕ್ಕೆ ಅದೇ ರೂಢಿಯಾಗುತ್ತದೆ.

ಕಾಕಿ, ನಿಮ್ಮ ಕೆಮ್ಮು ಯಾವಾಗಿಂದ, ಒಣಕೆಮ್ಮೇನು? ಕೆಲವು ಬಿ.ಪಿ. ಮಾತ್ರೆಗಳಿಂದಲೂ ಅಂಥ ಕೆಮ್ಮು ಬರುತ್ತದೆ, ಎನಲಪ್ರಿಲ್, ರಾಮಿಪ್ರಿಲ್ ಅಂಥವು. ಅಂಥದ್ದು ತಗೊಳ್ಳುತ್ತಿದ್ದರೂ ನೀವಾಗೇ ನಿಲ್ಲಿಸಬೇಡಿ. ಮಾತ್ರೆಯ ಪಟ್ಟಿಯ ಫೋಟೋ ನನಗೊಬ್ಬಳಿಗೇ ಕಳಿಸಿ, ಬದಲಿಸಬೇಕಾದರೆ ಡಾಕ್ಟರಿಗೆ ಏನು ಕೇಳಬೇಕು ಅಂತ ಹೇಳ್ತೀನಿ.