"ಲೋಕಲ್ ಪಿಕಪ್", "ಅಡ್ವಾನ್ಸ್ ಇಲ್ಲ": ಮಾರಾಟದ ಜಾಹೀರಾತಿನಲ್ಲಿ ಇವನ್ನು ಹೇಗೆ ಬರೆಯುವುದು?

ರಾಜಾಜಿನಗರದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಮ್ಮನ ಹೊಲಿಗೆ ಮಷಿನ್ ಮಾರಬೇಕಿದೆ. ಮೋಟರ್ ಹಾಕಿಸಿದ್ದು, ಬೆಲೆ 4,500 ರೂಪಾಯಿ. ಆನ್‌ಲೈನಿನಲ್ಲಿ ಹೀಗೆ ಹಾಕಿದ್ದೆ:

"ಲೋಕಲ್ ಪಿಕಪ್ ಮಾತ್ರ. ಬರುವ ಶನಿವಾರ ಸಂಜೆ 6ರೊಳಗೆ. ನೋಡಿ ಹಣ ಕೊಡಿ. ಅಡ್ವಾನ್ಸ್ ಇಲ್ಲ."

ಇಷ್ಟೇ ಇದ್ದದ್ದು. ಒಬ್ಬರು "ನಿಮ್ಮ ಗಾಡೀಲಿ ತಂದುಕೊಡ್ತೀರಲ್ವಾ?" ಅಂತ ಕೇಳಿದರು. ಇನ್ನೊಬ್ಬರು ಶುಕ್ರವಾರ ಓದಿ ಮರುದಿನ ಮಧ್ಯಾಹ್ನ ಎರಡು ಗಂಟೆಗೇ ಬಂದು ಬಾಗಿಲು ತಟ್ಟಿದರು. ನನ್ನ ಮನಸ್ಸಿನಲ್ಲಿದ್ದದ್ದು ಮುಂದಿನ ವಾರದ ಶನಿವಾರ. ಮೂರನೆಯವರು ಫೋನ್ ಮಾಡಿ, "ಅಡ್ವಾನ್ಸ್ ಇಲ್ಲ ಅಂದ್ರೆ ಯಾರಿಗೂ ಎತ್ತಿಡಲ್ಲ ಅಂತಾನಾ? ನಾನು 500 ಕಳಿಸ್ತೀನಿ, ನನಗೇ ಇಟ್ಟಿರಿ" ಅಂದರು. ಆಮೇಲೆ ಒಂದು ಕ್ಯೂಆರ್ ಕಳಿಸಿದರು. ಅದನ್ನು ಸ್ಕ್ಯಾನ್ ಮಾಡಿದರೆ 500 ನನ್ನ ಖಾತೆಗೆ ಬರುತ್ತದಂತೆ. ನಾನು ಸುಮ್ನೆ ಬಿಟ್ಟೆ.

ಈ ನಾಲ್ಕು ಸಾಲನ್ನು ಯಾರೂ ತಪ್ಪು ತಿಳಿಯದ ಹಾಗೆ ಕನ್ನಡದಲ್ಲಿ ಹೇಗೆ ಬರೆಯಲಿ?

ಮಲ್ಲೇಶ್ವರದಿಂದ, ನಿವೃತ್ತ ಮೇಷ್ಟ್ರು

ಮೊದಲು ಪಿಕಪ್. ನಮ್ಮ ಕಿವಿಗೆ ಆ ಪದ ಗಾಡಿಗೆ ಅಂಟಿಕೊಂಡಿದೆ. "ಪಿಕಪ್ ಚೆನ್ನಾಗಿದೆ" ಅಂದರೆ ಗಾಡಿ ಬೇಗ ಓಟ ಹಿಡಿಯುತ್ತದೆ ಅಂತ. ಸಾಮಾನು ಸಾಗಿಸುವ ಸಣ್ಣ ಲಾರಿಗೂ ಅದೇ ಹೆಸರು. ಇನ್ನು ಆಫೀಸಿಗೆ ಹೋಗುವವರಿಗೆ ಪಿಕಪ್ ಅಂದರೆ ಕ್ಯಾಬು ಮನೆ ಬಾಗಿಲಿಗೆ ಬರುವುದು! ನಿಮ್ಮನ್ನು ಕೇಳಿದವರು ಹಾಗೇ ತಿಳಿದಿರಬೇಕು. "ನೀವೇ ಬಂದು ತೆಗೆದುಕೊಂಡು ಹೋಗಬೇಕು" ಅಂತ ಬರೆಯಿರಿ. ಉದ್ದವಾದರೂ ಯಾರು ಬರಬೇಕು ಅನ್ನುವುದು ಅದರಲ್ಲೇ ಇದೆ.

"ಅಡ್ವಾನ್ಸ್ ಇಲ್ಲ" ಅನ್ನುವುದರಲ್ಲಿ ಎಡವಿದ್ದೂ ಅಲ್ಲೇ. ಕನ್ನಡದಲ್ಲಿ ಕರ್ತೃವನ್ನು ಬಿಟ್ಟು ಮಾತಾಡುವುದು ರೂಢಿ. ಎದುರಿಗೆ ಇದ್ದಾಗ ಅದು ಚೆಂದ, ಜಾಹೀರಾತಿನಲ್ಲಿ ಕಷ್ಟ. ನಾನು ಕೇಳುವುದಿಲ್ಲವೇ, ನೀವು ಕೊಡಬಾರದೇ, ಕೊಟ್ಟರೂ ನಾನು ಎತ್ತಿಡುವುದಿಲ್ಲವೇ? ಮೂರೂ ಹೊರಡುತ್ತದೆ.

ಇದಕ್ಕೊಂದು ಹಳೆಯ ಪದವೂ ಇತ್ತು, ಸಂಚಕಾರ. ವ್ಯಾಪಾರ ಗಟ್ಟಿಯಾಯಿತು ಅನ್ನುವುದಕ್ಕೆ ಗುರುತಾಗಿ ಮುಂಚೆಯೇ ಕೊಡುವ ದುಡ್ಡು. ಈಗ ಹೆಚ್ಚಾಗಿ "ಪ್ರಾಣಕ್ಕೆ ಸಂಚಕಾರ" ಅನ್ನುವಂಥ ಮಾತುಗಳಲ್ಲಿ ಉಳಿದಿದೆ. ಅದನ್ನು ಹಾಕಿದರೆ ನಿಮ್ಮ ಮಷಿನ್ ಮುಟ್ಟುವುದಕ್ಕೇ ಜನ ಹೆದರುತ್ತಾರೆ.

ಬನಶಂಕರಿಯಿಂದ

ಅಡ್ವಾನ್ಸ್ ಇಲ್ಲದೆ ಮನೆ ಕೊಡುವವರು ಬೆಂಗಳೂರಿನಲ್ಲಿ ಇದ್ದಾರಾ? ನನ್ನ ಹಿಂದಿನ ಮನೆ ಓನರ್ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ತಗೊಂಡು, ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಹಿಡಿದುಕೊಂಡರು. ಎಲ್ಲಿದೆ ಮನೆ?

ರಾಜಾಜಿನಗರದಿಂದ

ಮನೆ ಅಲ್ಲ ಸಾರ್, ಮಷಿನ್! ಆದರೆ ನೀವು ಹೇಳಿದ್ದರಿಂದ ಒಂದು ಗೊತ್ತಾಯಿತು. ನಮ್ಮೂರಲ್ಲಿ ಅಡ್ವಾನ್ಸ್ ಅಂದ ಕೂಡಲೇ ನೆನಪಾಗುವುದು ಮನೆ. ಮುಂಗಡ ಅಂತಲೇ ಹಾಕುತ್ತೇನೆ.

ಯಶವಂತಪುರದಿಂದ, ಟೈಲರಿಂಗ್ ಮಾಡುವವರು

"ನೋಡಿ ಹಣ ಕೊಡಿ" ಸಾಲದು ಮೇಡಂ. ಮಷಿನ್ ನೋಡುವುದಕ್ಕೆ ಎಲ್ಲವೂ ಚೆನ್ನಾಗೇ ಇರುತ್ತೆ. ಹೊಲಿದು ನೋಡಬೇಕು. ಈ ಎರಡು "ನೋಡು" ಬೇರೆ ಬೇರೆ, ಅಲ್ವಾ ಮೇಷ್ಟ್ರೇ?

ನಾನು ಹಳೇ ಮಷಿನ್ ಕೊಳ್ಳುವಾಗ ಮೊದಲು ಕೈಚಕ್ರ ನಿಧಾನಕ್ಕೆ ತಿರುಗಿಸುತ್ತೇನೆ. ಎಲ್ಲೂ ಹಿಡಿಯಬಾರದು. ಆಮೇಲೆ ನನ್ನದೇ ಬಟ್ಟೆ ಎರಡು ಪದರ ಮಡಚಿ ಒಂದು ಗೇಣು ಹೊಲಿಯುತ್ತೇನೆ, ತಿರುಗಿಸಿ ಕೆಳಗಿನ ಹೊಲಿಗೆ ನೋಡುತ್ತೇನೆ. ಕೆಳಗೆ ದಾರ ಗುಂಗುರು ಗುಂಗುರಾಗಿ ಜೋತಿದ್ದರೆ ಹೆಚ್ಚಾಗಿ ಮೇಲಿನ ದಾರದ ಬಿಗಿ ಸರಿಯಿಲ್ಲ, ಇಲ್ಲಾ ದಾರ ಪೋಣಿಸಿದ್ದು ತಪ್ಪಿರುತ್ತೆ. ಅದಕ್ಕೆ ಹೆದರಬೇಕಿಲ್ಲ, ಪೋಣಿಸಿ ಇನ್ನೊಮ್ಮೆ ಹೊಲಿದರೆ ಗೊತ್ತಾಗುತ್ತೆ. ಮಧ್ಯೆ ಮಧ್ಯೆ ಹೊಲಿಗೆ ತಪ್ಪಿದರೆ ಸೂಜಿ ಬದಲಿಸಿ ನೋಡುತ್ತೇನೆ. ಆಗಲೂ ತಪ್ಪಿದರೆ ನಾನಂತೂ ಬಿಟ್ಟು ಬರುತ್ತೇನೆ. ಇದಕ್ಕೆಲ್ಲ ಕಾಲು ಗಂಟೆ ಬೇಕು, ಮೋಟರಿಗೆ ಕರೆಂಟೂ ಬೇಕು. ಅದನ್ನೂ ಬರೆಯಿರಿ.

ಜಯನಗರದಿಂದ

ಮನೆಗೆ ಯಾಕೆ ಕರೆಯುತ್ತೀರಿ? ಮೆಟ್ರೋ ಸ್ಟೇಷನ್ ಬಾಗಿಲಲ್ಲಿ ಸಿಗಿ. ಜನ ಇರುತ್ತಾರೆ, ಕ್ಯಾಮೆರಾ ಇರುತ್ತೆ. ಇನ್ನು ಕ್ಯೂಆರ್ ವಿಷಯಕ್ಕೆ ಭಯ ಬೇಡ. ದುಡ್ಡು ಕೇಳಿ ರಿಕ್ವೆಸ್ಟ್ ಕಳಿಸುವುದನ್ನು ಯುಪಿಐನಲ್ಲಿ ನಿಲ್ಲಿಸಿಬಿಟ್ಟಿದ್ದಾರೆ, ಇನ್ನು ಮೋಸ ಆಗಲ್ಲ.

ವಿಜಯನಗರದಿಂದ, ಬ್ಯಾಂಕಿನವರು

ಅರ್ಧ ನಿಜ. ಒಬ್ಬರು ಇನ್ನೊಬ್ಬರಿಗೆ ಯುಪಿಐ ರಿಕ್ವೆಸ್ಟ್ ಕಳಿಸಿ ದುಡ್ಡು ಕೇಳುವುದು 2025ರ ಅಕ್ಟೋಬರ್ 1ರಿಂದ ನಿಂತಿದೆ. ಆದರೆ ಕ್ಯೂಆರ್ ಬೇರೆ ದಾರಿ. ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ದುಡ್ಡು ನಿಮ್ಮಿಂದ ಹೋಗುತ್ತದೆ. ಬರುವ ದುಡ್ಡಿಗೆ ಪಿನ್ ಒತ್ತುವ ಕೆಲಸವೇ ಇಲ್ಲ. ಅಂದರೆ ಮುಂಗಡದ ಮಾತು ಎರಡು ಕಡೆಗೂ ಬೇಕು: ನಾನು ಕೇಳಲ್ಲ, ನೀವು ಕಳಿಸುವುದೂ ಬೇಡ. ಹಾಗೆ ಬರೆದಿಟ್ಟರೆ "500 ಕಳಿಸ್ತೀನಿ, ಸ್ಕ್ಯಾನ್ ಮಾಡಿ" ಅನ್ನುವವರಿಗೆ ಮಾತು ಶುರು ಮಾಡಲು ಜಾಗವೇ ಇರಲ್ಲ. ಯಾರಿಗಾದರೂ ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

ಇನ್ನೊಂದು, "ಹಾಕಿದೆ" ಬೇರೆ, "ಬಂತು" ಬೇರೆ. ಕೊಳ್ಳುವವರು ಸ್ಕ್ರೀನ್‌ಶಾಟ್ ತೋರಿಸಿ "ದುಡ್ಡು ಹಾಕಿದ್ದೀನಿ" ಅನ್ನುತ್ತಾರೆ. ನಿಮ್ಮ ಖಾತೆಯಲ್ಲಿ ನೀವೇ ನೋಡಿದ ಮೇಲೆ ಅದು "ಬಂತು".

ಮೆಟ್ರೋ ಬಾಗಿಲಲ್ಲಿ ಪ್ಲಗ್ ಪಾಯಿಂಟ್ ಎಲ್ಲಿಂದ ತರುವುದು? ಫೋನ್, ಪುಸ್ತಕಕ್ಕೆ ಅದು ಸರಿ.

ಮಲ್ಲೇಶ್ವರದಿಂದ, ನಿವೃತ್ತ ಮೇಷ್ಟ್ರು

ಹೌದಮ್ಮ, ಎರಡು "ನೋಡು" ಬೇರೆಯೇ. "ಮಷಿನ್ ನೋಡಿ" ಅಂದರೆ ಕಣ್ಣಿನ ಕೆಲಸ. "ಹೊಲಿದು ನೋಡಿ", "ತಿಂದು ನೋಡಿ" ಅಂದರೆ ಮಾಡಿ ಪರೀಕ್ಷಿಸುವುದು. "ಪರಿಶೀಲಿಸಿ" ಅಂತ ಹಾಕಿದರೆ ಅರ್ಜಿ ಫಾರಂ ಓದಿದ ಹಾಗಾಗುತ್ತದೆ, ಏನು ಮಾಡಬೇಕು ಅನ್ನುವುದೂ ತಿಳಿಯುವುದಿಲ್ಲ.

"6ರೊಳಗೆ" ಅನ್ನುವುದಕ್ಕೆ ಕೊನೆ ಇದೆ, ಶುರು ಇಲ್ಲ. ಎರಡು ಗಂಟೆಗೆ ಬಂದವರದು ತಪ್ಪಲ್ಲ. "ಬರುವ ಶನಿವಾರ"ಕ್ಕೆ ತಾರೀಕು ಸೇರಿಸಿ. ಜಾಹೀರಾತನ್ನು ಯಾವತ್ತು ಓದುತ್ತಾರೋ ಯಾರಿಗೆ ಗೊತ್ತು?

ರಾಜಾಜಿನಗರದಿಂದ

ತಿದ್ದಿದ್ದು ಹೀಗಿದೆ. ನಮ್ಮ ಕಟ್ಟಡದ ಕೆಳಗೆ ಚಿಕ್ಕಪ್ಪನ ಜೆರಾಕ್ಸ್ ಅಂಗಡಿ ಇದೆ, ಅಲ್ಲಿ ಪ್ಲಗ್ ಸಿಗುತ್ತದೆ.

"ನೀವೇ ಬಂದು ತೆಗೆದುಕೊಂಡು ಹೋಗಬೇಕು. ಶನಿವಾರ, 14ನೇ ತಾರೀಕು, ಸಂಜೆ 4ರಿಂದ 6ರವರೆಗೆ. ಹೊರಡುವ ಮುಂಚೆ ಫೋನ್ ಮಾಡಿ. ಸಿಗುವ ಜಾಗ ನಮ್ಮ ಕಟ್ಟಡದ ಕೆಳಗಿನ ಅಂಗಡಿ, ಕರೆಂಟ್ ಇದೆ. ನಿಮ್ಮ ಬಟ್ಟೆ ತಂದು ಹೊಲಿದು ನೋಡಿ. ಒಪ್ಪಿದರೆ ಆಮೇಲೆ ದುಡ್ಡು ಕೊಡಿ, ಒಪ್ಪದಿದ್ದರೆ ಬೇಡ. ದುಡ್ಡು ನನ್ನ ಖಾತೆಗೆ ಬಂದಿದ್ದು ನೋಡಿ ಮಷಿನ್ ಕೊಡುತ್ತೇನೆ. ನಾನು ಮುಂಗಡ ಕೇಳುವುದಿಲ್ಲ, ನೀವು ಕಳಿಸುವುದೂ ಬೇಡ. ಮೊದಲು ಬಂದು ಒಪ್ಪಿದವರಿಗೆ ಮಷಿನ್."

ಯಶವಂತಪುರದಿಂದ, ಟೈಲರಿಂಗ್ ಮಾಡುವವರು

ಕೊನೇ ಸಾಲು ನನಗೆ ಒಪ್ಪಿಗೆಯಿಲ್ಲ. ನಾನು 4:30ಕ್ಕೆ ಅಂತ ಫೋನ್ ಮಾಡಿ ಎರಡು ಬಸ್ ಹತ್ತಿ ಬರುವಷ್ಟರಲ್ಲಿ ನಾಲ್ಕಕ್ಕೇ ಯಾರೋ ಎತ್ತಿಕೊಂಡು ಹೋಗಿದ್ದರೆ? ಟೋಕನ್ ಅಂತ ನೂರು ರೂಪಾಯಿ ತಗೊಂಡರೆ ಏನು ತಪ್ಪು?

ವಿಜಯನಗರದಿಂದ, ಬ್ಯಾಂಕಿನವರು

ನೂರಾದರೂ ಅದು ಮುಂಗಡವೇ. ಹೆಸರು ಬದಲಾಯಿಸಿದರೆ ಆಯಿತೇ?

ಮಲ್ಲೇಶ್ವರದಿಂದ, ನಿವೃತ್ತ ಮೇಷ್ಟ್ರು

ಮುಂಗಡ ಬೆಲೆಯಲ್ಲಿ ವಜಾ ಆಗುತ್ತದೆ. ಟೋಕನ್ ಅಂದರೆ ಬಾರದಿದ್ದರೆ ಹೋಯಿತು ಅಂತ ಕೆಲವರ ಲೆಕ್ಕ, ವಾಪಸ್ ಕೊಡಬೇಕು ಅಂತ ಇನ್ನು ಕೆಲವರದು. ನಿಮ್ಮ ನಿಮ್ಮ ಕಡೆ ಹೇಗೆ ಬಳಸುತ್ತೀರಿ, ಬರೆಯಿರಿ.

ರಾಜಾಜಿನಗರದಿಂದ

ದುಡ್ಡಿನ ಬದಲು ಒಬ್ಬೊಬ್ಬರಿಗೆ ಅರ್ಧ ಗಂಟೆ ಅಂತ ಹೊತ್ತು ಹಂಚುತ್ತೇನೆ, ಕೊನೇ ಸಾಲು ತೆಗೆಯುತ್ತೇನೆ. ಯಶವಂತಪುರದ ಅಕ್ಕ, 4:30 ನಿಮ್ಮದು. ಬಟ್ಟೆ ತನ್ನಿ.