ಆಡಿಟ್‌ನಲ್ಲಿ ಎರಡನೇ ಒ.ಟಿ. ಪುಸ್ತಕ ಸಿಕ್ಕಿದೆ, ಆರ್ಡರ್ ನಿಲ್ಲಿಸಬೇಕಾ?

ಕೇಳಿದವರು: ಮಕ್ಕಳ ಬಟ್ಟೆಯ ಸಣ್ಣ ಬ್ರ್ಯಾಂಡ್ ನಮ್ಮದು. ದೊಡ್ಡಬಳ್ಳಾಪುರ ಕಡೆ ಒಂದು ಫ್ಯಾಕ್ಟರಿಯಲ್ಲಿ ಹೊಲಿಸುತ್ತೇವೆ. ಆಡಿಟ್ ಮಾಡಿಸಿದಾಗ ಭಾನುವಾರದ ಕೆಲಸಕ್ಕೆ ಬೇರೆಯದೇ ಪುಸ್ತಕ ಸಿಕ್ಕಿದೆ. ಕೂಲಿ ಒಂದೇ ಪಟ್ಟು, ಅದೂ ಕೈಗೆ ನಗದು. ಮಾಲೀಕರು ಸರಿ ಮಾಡ್ತೀವಿ ಅಂತಾರೆ. ಬಿಡಬೇಕಾ, ಇರಬೇಕಾ? ಅನುಭವ ಇದ್ದವರು ಹೇಳಿ.

ಜಯನಗರದ ಬ್ರ್ಯಾಂಡ್ ಮಾಲಕಿ: ನಾನು ಬಿಟ್ಟೆ. ಬಿಟ್ಟಿದ್ದು ಸರಿ ಅಂತ ಇವತ್ತಿಗೂ ಹೇಳ್ತೀನಿ. ನಮ್ಮ ಫ್ಯಾಕ್ಟರಿಯಲ್ಲಿ ಎರಡನೇ ಮಹಡಿಯ ತುರ್ತು ಬಾಗಿಲಿಗೆ ಬೀಗ ಹಾಕಿದ್ದರು, ಬಾಗಿಲಿಗೇ ಒತ್ತಿಕೊಂಡ ಹಾಗೆ ಪೀಸ್‌ಗಳ ಮೂಟೆ ಪೇರಿಸಿದ್ದರು. ಬಟ್ಟೆ ಕಳ್ಳತನ ಆಗುತ್ತೆ, ಅದಕ್ಕೇ ಬೀಗ ಅಂದರು. ಕರಾಚಿಯ ಅಲಿ ಎಂಟರ್‌ಪ್ರೈಸಸ್‌ನಲ್ಲಿ 2012ರ ಸೆಪ್ಟೆಂಬರ್‌ನಲ್ಲಿ 250ಕ್ಕೂ ಹೆಚ್ಚು ಜನ ಸುಟ್ಟು ಸತ್ತರಲ್ಲ, ಆ ಫ್ಯಾಕ್ಟರಿಗೆ ಕೆಲವೇ ವಾರ ಮೊದಲು, ಕೆಲಸಗಾರರ ಸುರಕ್ಷತೆ, ಹಕ್ಕು ಎಲ್ಲ ಸರಿಯಿದೆ ಅನ್ನುವ ಎಸ್‌ಎ8000 ಸರ್ಟಿಫಿಕೇಟ್ ಸಿಕ್ಕಿತ್ತು. ಆಮೇಲೆ ನನಗೆ ಯಾವ ಕಾಗದದ ಮೇಲೂ ನಂಬಿಕೆ ಇಲ್ಲ.

ಖರ್ಚು ಕೇಳಿ. ಕಟಿಂಗ್ ಆಗಿದ್ದ 3 ಲಕ್ಷದ ಬಟ್ಟೆ ಅಲ್ಲೇ ಉಳಿಯಿತು. ಹಳೆಯ ಬಿಲ್ಲೆಲ್ಲ ಚುಕ್ತಾ ಮಾಡದೆ ಒಂದು ಪೀಸೂ ಕೊಡಲ್ಲ ಅಂದರು. ಚುಕ್ತಾ ಮಾಡಿದೆ. ಕೊಟ್ಟಾಗ ದೀಪಾವಳಿ ಮುಗಿದಿತ್ತು. ಹೊಸ ಫ್ಯಾಕ್ಟರಿಯವರು ಒಂದು ಫ್ರಾಕಿಗೆ 31 ರೂಪಾಯಿ ಜಾಸ್ತಿ ಕೇಳಿದರು. ಅದನ್ನೂ ಕೊಟ್ಟೆ. ಹಾಗಿದ್ದೂ ಅವರು ಗುಂಡಿ ಹಾಕುವ ಕೆಲಸವನ್ನು ನನಗೆ ಹೇಳದೆ ಒಂದು ಶೆಡ್ಡಿಗೆ ಕಳಿಸಿದ್ದರು. ಅಲ್ಲಿಂದಲೂ ಎದ್ದು ಬಂದೆ.

ಪೀಣ್ಯ, ಕಂಪ್ಲಯನ್ಸ್ ಕೆಲಸದಲ್ಲಿದ್ದವನು: ಬೀಗ ಹಾಕಿದ ಬಾಗಿಲು ಅದೇ ದಿನ ತೆಗೆಸಬೇಕಾದದ್ದು. ಅದಕ್ಕೆ ಕಾಯುವ ಮಾತೇ ಇಲ್ಲ. ಒ.ಟಿ. ಬೇರೆ, ಅದು ಲೆಕ್ಕ ಹಾಕಿ ತೀರಿಸುವ ಬಾಕಿ.

ಇಂಥದ್ದೇ ಭಾನುವಾರದ ಕೆಲಸ ನಮಗೆ ಸಿಕ್ಕಿದ್ದು ಹೇಗೆ ಅಂದರೆ, ಮುರಿದ ಸೂಜಿಯ ರಿಜಿಸ್ಟರಿನಿಂದ. ಮಕ್ಕಳ ಬಟ್ಟೆ ಅಲ್ವಾ, ಸೂಜಿ ಮುರಿದರೆ ಎಲ್ಲಾ ಚೂರೂ ಹುಡುಕಿ, ಸೆಲ್ಲೋಟೇಪಿನಲ್ಲಿ ಪುಟಕ್ಕೆ ಅಂಟಿಸಿ, ತಾರೀಕು, ಸಮಯ, ಮೆಷಿನ್ ನಂಬರ್ ಬರೆದು ಸಹಿ ಹಾಕಿದ ಮೇಲೇ ಹೊಸ ಸೂಜಿ. ಪಂಚಿಂಗ್ ದಾಖಲೆಯಲ್ಲಿ ಭಾನುವಾರ ರಜೆ. ಸೂಜಿ ಪುಸ್ತಕದಲ್ಲಿ ಅದೇ ಭಾನುವಾರ ಮಧ್ಯಾಹ್ನ 3.20ಕ್ಕೆ 14ನೇ ಮೆಷಿನ್‌ನಲ್ಲಿ ಸೂಜಿ ಮುರಿದಿದೆ. ಹಾಜರಿ ತಿದ್ದುವವರು ಎಚ್.ಆರ್. ಕೋಣೆಯವರು. ಸೂಜಿ ಪುಸ್ತಕ ಕ್ವಾಲಿಟಿಯವರ ಹತ್ತಿರ ಇರುತ್ತೆ, ಅದನ್ನು ತಿದ್ದಬೇಕು ಅಂತ ಯಾರಿಗೂ ಹೊಳೆಯಲ್ಲ. ಆಮೇಲೆ ಜನರೇಟರ್ ಲಾಗ್, ಗೇಟಿನ ವಾಹನ ಪುಸ್ತಕ ನೋಡಿದೆವು. ಮೂರೂ ಒಂದೇ ಮಾತು ಹೇಳಿದವು.

ಬಾಕಿ ಲೆಕ್ಕ: ತಿಂಗಳ ಸಂಬಳ 12,000 ಹಿಡಿದು 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 461. ಭಾನುವಾರಕ್ಕೆ ಎರಡು ಪಟ್ಟು ಬರಬೇಕಿತ್ತು, ಒಂದೇ ಪಟ್ಟು ಬಂತು. ಅಂದರೆ ತಲೆಗೆ, ಭಾನುವಾರಕ್ಕೆ 461 ಬಾಕಿ. 140 ಜನ, 22 ಭಾನುವಾರ. 14 ಲಕ್ಷ ದಾಟಿತು. ಮಾಲೀಕರು ಒಂದೇ ಸಲ ಕೊಡಲು ಆಗಲ್ಲ ಅಂದರು. ಮೂರು ಕಂತು ಮಾಡಿ, ಬ್ಯಾಂಕ್ ಖಾತೆಗೇ ಹಾಕಬೇಕು ಅಂತ ಬರೆಸಿಕೊಂಡೆವು.

ಇನ್ನೊಂದು ವಿಷಯ. ಆ ಭಾನುವಾರಗಳ ಪಕ್ಕದಲ್ಲಿ ನಮ್ಮ ಬೈಯರ್ ಬಣ್ಣದ ಸ್ಯಾಂಪಲ್ ಒಪ್ಪಿದ ಮೇಲ್‌ಗಳ ತಾರೀಕು ಇಟ್ಟು ನೋಡಿದೆ. ಒಪ್ಪಿಗೆ ಎರಡು ವಾರ ತಡವಾದ ಪ್ರತಿ ಆರ್ಡರಿನಲ್ಲೂ ಭಾನುವಾರ ಕೆಲಸ ನಡೆದಿತ್ತು. ಶಿಪ್‌ಮೆಂಟ್ ತಾರೀಕು ಮಾತ್ರ ಒಂದು ದಿನವೂ ಮುಂದೆ ಹೋಗಿರಲಿಲ್ಲ. ಇದನ್ನು ಸರಿ ಮಾಡದೆ ಫ್ಯಾಕ್ಟರಿಯಿಂದ ಏನು ಬರೆಸಿಕೊಂಡರೂ ಮುಂದಿನ ಸೀಸನ್‌ಗೆ ಮತ್ತೆ ಅದೇ ಪುಸ್ತಕ.

ಬೊಮ್ಮಸಂದ್ರದ ಫ್ಯಾಕ್ಟರಿ ಮಾಲೀಕ: ಕೊನೆಗೂ ಒಬ್ಬರು ಹೇಳಿದರು. ಒಬ್ಬ ಬೈಯರ್‌ಗೆ ಒಂದು ಆಡಿಟ್, ಇನ್ನೊಬ್ಬನಿಗೆ ಇನ್ನೊಂದು, ಪ್ರತಿಯೊಂದರ ಫೀಸೂ ನನ್ನ ತಲೆಗೆ. ಒಬ್ಬರು ಬೆಂಕಿ ಸಿಲಿಂಡರನ್ನು ಮೇಲೆ ತೂಗುಹಾಕಿ ಅಂತಾರೆ, ಮುಂದಿನವರು ಬಂದು ಕೆಳಗಿಳಿಸಿ ಅಂತಾರೆ. ಎರಡಕ್ಕೂ ಗೋಡೆ ಕೊರೆದಿದ್ದೇನೆ. ಆಡಿಟ್ ಪಾಸಾದ ತಿಂಗಳೇ ಪೀಸಿಗೆ 3 ರೂಪಾಯಿ ಇಳಿಸಿ ಅಂತ ಮೇಲ್ ಬರುತ್ತೆ. ಇನ್ನು ಭಾನುವಾರದ ಮಾತು. ಬದಲಿ ರಜೆ ಕೊಟ್ಟರೆ ಡಬಲ್ ಕೊಡಬೇಕಾಗಿಲ್ಲ. ಜನ ಸುಮ್ನೆ ದೊಡ್ಡದು ಮಾಡ್ತಾರೆ.

ಪೀಣ್ಯ, ಕಂಪ್ಲಯನ್ಸ್ ಕೆಲಸದಲ್ಲಿದ್ದವನು: ಅರ್ಧ ಸರಿ ಸರ್. 1948ರ ಕಾರ್ಖಾನೆ ಕಾಯ್ದೆಯಲ್ಲಿದ್ದ ನಿಯಮ ಏನಂದರೆ, ಮುಂಚೆಯೇ ನೋಟಿಸ್ ಹಾಕಿ, ಆ ಭಾನುವಾರದ ಹಿಂದಿನ ಅಥವಾ ಮುಂದಿನ ಮೂರು ದಿನದೊಳಗೆ ರಜೆ ಕೊಟ್ಟರೆ ಅದು ವಾರದ ರಜೆ ಬದಲಿಸಿದ ಹಾಗೆ. ಆರ್ಡರ್ ಮುಗಿದ ಮೇಲೆ, ಲೈನ್ ಖಾಲಿ ಇದ್ದಾಗ ಮನೆಗೆ ಕಳಿಸಿ ಅದನ್ನೇ ಬದಲಿ ರಜೆ ಅಂತ ಬರೆದರೆ ಆಗಲ್ಲ. ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ ಡಬಲ್ ಬರಲೇಬೇಕು.

ಬೊಮ್ಮಸಂದ್ರದ ಫ್ಯಾಕ್ಟರಿ ಮಾಲೀಕ: ಪುಸ್ತಕ ಓದಿ ಹೇಳುವುದು ಸುಲಭ. 200 ಜನರಿಗೆ 7ನೇ ತಾರೀಕಿಗೆ ಸಂಬಳ ಹಾಕಿ ನೋಡಿ. ಬೈಯರ್ ದುಡ್ಡು ಕೊಡುವುದು ಮಾಲು ಹೋಗಿ 90 ದಿನಕ್ಕೆ.

ಜಯನಗರದ ಬ್ರ್ಯಾಂಡ್ ಮಾಲಕಿ: ನಾನು 90 ದಿನ ಕಾಯಿಸಿಲ್ಲ. ಅಡ್ವಾನ್ಸ್ ಕೊಟ್ಟೇ ಹೊಲಿಸಿದ್ದು. ಆದರೂ ಬಾಗಿಲಿಗೆ ಬೀಗ ಇತ್ತು. ಎಲ್ಲದಕ್ಕೂ ಬೈಯರ್ ಕಡೆ ಬೆರಳು ತೋರಿಸಬೇಡಿ.

ಹೆಗ್ಗನಹಳ್ಳಿಯ ಟೈಲರ್: ನೀವೆಲ್ಲ ಬಿಡೋದು ಇರೋದು ಮಾತಾಡ್ತಿದ್ದೀರಿ. ಮೇಡಂ, ನೀವು ಎದ್ದು ಬಂದ ಮೇಲೆ ಆ ಲೈನ್‌ನಲ್ಲಿದ್ದ ಹೆಣ್ಣುಮಕ್ಕಳು ಎಲ್ಲಿ ಹೋದರು ಅಂತ ವಿಚಾರಿಸಿದಿರಾ? ನಮ್ಮ ಯುನಿಟ್ಟಿಗೆ ಒಬ್ಬ ಬೈಯರ್ ಹೀಗೇ ಆರ್ಡರ್ ನಿಲ್ಲಿಸಿದ. ಮೊದಲು ಕಳಿಸಿದ್ದು ಆಡಿಟರ್ ಹತ್ತಿರ ಬಾಯಿ ಬಿಟ್ಟವರನ್ನ. ಆಮೇಲೆ ಉಳಿದವರನ್ನ.

ಆಡಿಟ್ ಹಿಂದಿನ ದಿನ ಸೂಪರ್‌ವೈಸರ್ ಬಂದು ಏನು ಹೇಳಬೇಕು ಅಂತ ಹೇಳಿಕೊಡ್ತಾನೆ. ಮಾತಾಡಿಸೋದು ಎಚ್.ಆರ್. ಕೋಣೆಯಲ್ಲಿ, ಗಾಜಿನ ಆಚೆ ಅವರೇ ನಿಂತಿರ್ತಾರೆ. ಯಾರು ನಿಜ ಹೇಳ್ತಾರೆ? ಬಸ್ ಸ್ಟಾಪಿನಲ್ಲಿ, ಹಾಸ್ಟೆಲಿನಲ್ಲಿ ಕೇಳಿ. ಒಡಿಶಾ, ಜಾರ್ಖಂಡ್ ಹುಡುಗಿಯರಿಗೆ ಅವರ ಮಾತು ಬರೋರನ್ನ ಕರೆದುಕೊಂಡು ಬನ್ನಿ.

ತುಟ್ಟಿಭತ್ಯೆ ನೆನಪಿದೆಯಾ? 2020ರ ಏಪ್ರಿಲ್‌ನಿಂದ ತಿಂಗಳಿಗೆ 417 ರೂಪಾಯಿ ಬರಬೇಕಿತ್ತು. ಸರ್ಕಾರ ಮುಂದೂಡಿತು. ಅದೇ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಕೊಡಬೇಕು ಅಂತು. ಆದರೂ ಎಷ್ಟೋ ಫ್ಯಾಕ್ಟರಿಗಳು ವರ್ಷಕ್ಕೂ ಜಾಸ್ತಿ ಕೊಡಲಿಲ್ಲ. ಅಷ್ಟು ದಿನವೂ ಆಡಿಟ್‌ನವರು ಬಂದು ಹೋಗ್ತಾನೇ ಇದ್ದರು. ಯೂನಿಯನ್‌ನವರು ಹಿಡಿದು ಕೂತು, ಅಮೆರಿಕದ ವರ್ಕರ್ ರೈಟ್ಸ್ ಕನ್ಸೋರ್ಟಿಯಂನವರು 2021ರ ಕೊನೆಗೆ ಬ್ರ್ಯಾಂಡ್‌ಗಳ ಹೆಸರೆತ್ತಿ ಕೇಳಿದ ಮೇಲೆ, 2022ರಲ್ಲಿ ಬಾಕಿ ಬರೋಕೆ ಶುರುವಾಯಿತು. ಆರ್ಡರ್ ಕೈಯಲ್ಲಿದ್ದ ಬ್ರ್ಯಾಂಡ್ ಕೇಳಿದ್ದಕ್ಕೇ ಬಂತು. ಬಿಟ್ಟು ಹೋಗಿದ್ದರೆ ಯಾರು ಕೇಳ್ತಿದ್ದರು?

ಜಯನಗರದ ಬ್ರ್ಯಾಂಡ್ ಮಾಲಕಿ: ಅಕ್ಕ, ದೊಡ್ಡ ಬ್ರ್ಯಾಂಡ್ ಕೇಳಿದರೆ ಮಾಲೀಕರು ಎದ್ದು ನಿಲ್ತಾರೆ. ಅವರ ಉತ್ಪಾದನೆಯಲ್ಲಿ ನನ್ನದು ನೂರಕ್ಕೆ ನಾಲ್ಕೋ ಐದೋ. ನನ್ನ ಮಾತಿಗೆ ಯಾರು ಬೆಲೆ ಕೊಡ್ತಾರೆ?

ಬೊಮ್ಮಸಂದ್ರದ ಫ್ಯಾಕ್ಟರಿ ಮಾಲೀಕ: ಯೂನಿಯನ್ ಮಾತು ಬಂತು ನೋಡಿ. ಅದಕ್ಕೇ ಫ್ಯಾಕ್ಟರಿಗಳೆಲ್ಲ ಬೇರೆ ರಾಜ್ಯಕ್ಕೆ ಹೋಗ್ತಿರೋದು.

ಹೆಗ್ಗನಹಳ್ಳಿಯ ಟೈಲರ್: ಹೋಗಲಿ ಬಿಡಿ ಸರ್. ಬಾಕಿ ಕೊಟ್ಟು ಹೋಗಿ.

ಪೀಣ್ಯ, ಕಂಪ್ಲಯನ್ಸ್ ಕೆಲಸದಲ್ಲಿದ್ದವನು: ಸಣ್ಣ ಬೈಯರ್ ಒಬ್ಬರೇ ಹೋದರೆ ಕಷ್ಟ, ಒಪ್ಪುತ್ತೇನೆ. ಅದೇ ಫ್ಯಾಕ್ಟರಿಯಲ್ಲಿ ಹೊಲಿಸುವ ಬೇರೆ ಬ್ರ್ಯಾಂಡ್ ಯಾವುದು ಅಂತ ಪತ್ತೆ ಮಾಡಿ, ಇಬ್ಬರೂ ಸೇರಿ ಒಂದೇ ಪತ್ರ ಬರೆಯಿರಿ. ನಾವು ಹಾಗೇ ಮಾಡಿದ್ದು. ಮಾತಾಡಿದವರನ್ನು ಕೆಲಸದಿಂದ ತೆಗೆಯಬಾರದು ಅನ್ನುವುದನ್ನು ಆ ಪತ್ರದ ಮೊದಲ ಸಾಲಿನಲ್ಲೇ ಹಾಕಿ.

ಹೆಗ್ಗನಹಳ್ಳಿಯ ಟೈಲರ್: ಅಣ್ಣ, ನಿಮ್ಮ ಆ 14 ಲಕ್ಷದಲ್ಲಿ ಕೆಲಸ ಬಿಟ್ಟು ಹೋದವರ ಪಾಲೂ ಇತ್ತಾ? ನಮ್ಮಲ್ಲಿ ರೋಲ್‌ನಲ್ಲಿ ಇದ್ದವರಿಗೆ ಮಾತ್ರ ಬಂತು. ಬಿಟ್ಟವರ ಬ್ಯಾಂಕ್ ಖಾತೆ ಪಿ.ಎಫ್. ದಾಖಲೆಯಲ್ಲೇ ಇತ್ತು. ಆದರೂ ವಿಳಾಸ ಸಿಗಲಿಲ್ಲ ಅಂದರು.

ಪೀಣ್ಯ, ಕಂಪ್ಲಯನ್ಸ್ ಕೆಲಸದಲ್ಲಿದ್ದವನು: ಮೊದಲ ಪಟ್ಟಿಯಲ್ಲಿ ಇರಲಿಲ್ಲ. ಹೆಸರು, ಮೊತ್ತ ಎರಡನ್ನೂ ಕನ್ನಡದಲ್ಲಿ ನೋಟಿಸ್ ಬೋರ್ಡಿಗೆ ಹಾಕಿಸಿದ ಮೇಲೆ ಒಳಗಿದ್ದವರೇ ಫೋನ್ ಮಾಡಿ ಬಿಟ್ಟವರಿಗೆ ತಿಳಿಸಿದರು. ಹಲವರು ಬಂದು ತಗೊಂಡರು. ಊರಿಗೆ ಹೋದವರದು ಇನ್ನೂ ಬಾಕಿ ಇದೆ, ಮಾಲೀಕರ ಜೊತೆ ಅದರದ್ದೇ ಜಗಳ ನಡೆಯುತ್ತಿದೆ.

ಕೇಳಿದವರು: ಸೂಜಿ ಪುಸ್ತಕ ನಾಳೆಯೇ ತರಿಸುತ್ತೇನೆ. ಈಗ ಕಟಿಂಗ್‌ನಲ್ಲಿರುವ ಆರ್ಡರಿನ ತಾರೀಕು ಹತ್ತು ದಿನ ಮುಂದೆ ಹಾಕಬಹುದು. ಬಾಕಿಯಲ್ಲಿ ನಾನೂ ಒಂದು ಪಾಲು ಹಾಕಬೇಕಾ, ಹಾಕಿದರೆ ಎಷ್ಟು?

ಬೊಮ್ಮಸಂದ್ರದ ಫ್ಯಾಕ್ಟರಿ ಮಾಲೀಕ: ಅರ್ಧ ಹಾಕಿ.

ಜಯನಗರದ ಬ್ರ್ಯಾಂಡ್ ಮಾಲಕಿ: ಒಂದು ಪೈಸೆಯೂ ಹಾಕಬೇಡಿ. ಹೊಲಿಗೆ ರೇಟಿನಲ್ಲೇ ಅದು ಸೇರಿತ್ತು.